ಸಂಜೆಯ ವ್ಯಾಯಾಮ, ನಡುರಾತ್ರಿಯ ಲೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕದ ಆಸುಪಾಸಿನವನು. ಹದಿನೇಳು ವರ್ಷಗಳಿಂದ ಟೈಪ್ 1 ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ವಾರಕ್ಕೆ ಎರಡು ಸಂಜೆ ಶಾಲೆಯ ಮೈದಾನದಲ್ಲಿ ಓಡುತ್ತೇನೆ, ಎರಡು ಸಂಜೆ ಜಿಮ್‌ನಲ್ಲಿ ಭಾರ ಎತ್ತುತ್ತೇನೆ, ಉಳಿದ ಹೊತ್ತು ಅಡಿಕೆ ತೋಟದಲ್ಲಿರುತ್ತೇನೆ. ಕುಂಬಳೆ, ಪೆರ್ಲ, ಮಂಜೇಶ್ವರದ ಕಡೆಯ ಪರಿಚಿತರು, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಂದೆತಾಯಂದಿರು ನನ್ನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಲೋ ಎಂದರೆ ರಕ್ತದ ಸಕ್ಕರೆ ಅಪಾಯವಾಗುವಷ್ಟು ಕೆಳಗಿಳಿಯುವುದು. ಕೆಳಗಿನ ಸಕ್ಕರೆಯ ಸಂಖ್ಯೆಗಳೆಲ್ಲ ಮೀಟರಿನಲ್ಲಿ ಕಾಣುವಂತೆ ಪ್ರತಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು. ಡೋಸ್‌ಗಳು ನನ್ನ ಶರೀರಕ್ಕೆ ಸಂಬಂಧಿಸಿದವು. ನಿಮ್ಮದನ್ನು ನಿಮ್ಮ ವೈದ್ಯರೊಂದಿಗೆ ಕುಳಿತೇ ನಿರ್ಧರಿಸಬೇಕು.

ಆಟ ಮುಗಿದಾಗ ಸಕ್ಕರೆ ಸರಿಯಾಗಿಯೇ ಇತ್ತು. ಹಾಗಿದ್ದರೂ ರಾತ್ರಿ ಮೂರು ಗಂಟೆಗೆ ಲೋ ಆದದ್ದು ಹೇಗೆ?

ವ್ಯಾಯಾಮದ ಪರಿಣಾಮ ಎರಡು ಅಲೆಗಳಲ್ಲಿ ಬರುತ್ತದೆ. ಮೊದಲ ಅಲೆ ಓಡುತ್ತಿರುವಾಗ ಮತ್ತು ಓಟ ನಿಂತ ಒಂದೆರಡು ಗಂಟೆಗಳಲ್ಲಿ ಕಾಣಿಸುತ್ತದೆ. ಆಗ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೇ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಈ ಇಳಿತ ಎಲ್ಲರಿಗೂ ಪರಿಚಿತ. ಅದಕ್ಕೆಂದೇ ನಾವು ಜೇಬಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೊಂಡು ಮೈದಾನಕ್ಕೆ ಹೋಗುತ್ತೇವೆ.

ಎರಡನೆಯ ಅಲೆ ಬಹಳ ತಡವಾಗಿ ಬರುತ್ತದೆ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೂಕೋಸ್ ಗ್ಲೈಕೋಜನ್ ಎಂಬ ರೂಪದಲ್ಲಿ ದಾಸ್ತಾನಾಗಿರುತ್ತದೆ. ಗದ್ದೆಯ ಪತ್ತಾಯ ಬರಿದಾದರೆ ಮುಂದಿನ ಬೆಳೆ ಮೊದಲು ಅದನ್ನು ತುಂಬಲು ಹೋಗುವ ಹಾಗೆ, ಸಂಜೆ ಓಡಿ ಬರಿದು ಮಾಡಿದ ಈ ದಾಸ್ತಾನನ್ನು ಶರೀರವು ರಾತ್ರಿಯಿಡೀ ರಕ್ತದ ಗ್ಲೂಕೋಸಿನಿಂದ ತುಂಬಿಕೊಳ್ಳುತ್ತದೆ. ಇದರ ಜೊತೆಗೆ ಸ್ನಾಯುಗಳು ಇನ್ಸುಲಿನ್ನಿಗೆ ಹೆಚ್ಚು ಸಂವೇದಿಯಾಗಿರುತ್ತವೆ, ಅಂದರೆ ನಿನ್ನೆ ಸರಿಹೋದ ಅದೇ ಯೂನಿಟ್ ಇಂದು ಹೆಚ್ಚು ಕೆಲಸ ಮಾಡುತ್ತದೆ. ಮಧುಮೇಹ ಇಲ್ಲದವರಲ್ಲಿ ಆ ಹೊತ್ತಿಗೆ ಇನ್ಸುಲಿನ್ ತಾನಾಗಿ ಕಡಿಮೆಯಾಗುತ್ತದೆ. ನಾವು ಚುಚ್ಚಿಕೊಂಡದ್ದು ಕಡಿಮೆಯಾಗುವುದಿಲ್ಲ.

ಟೈಪ್ 1 ಇರುವ ಹದಿಹರೆಯದವರನ್ನು ಮಧ್ಯಾಹ್ನದ ನಂತರ ವ್ಯಾಯಾಮ ಮಾಡಿಸಿ ರಾತ್ರಿಯಿಡೀ ಪರೀಕ್ಷಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಸಮಸ್ಥಿತಿಯಲ್ಲಿಡಲು ಅವರಿಗೆ ಹೆಚ್ಚುವರಿ ಗ್ಲೂಕೋಸ್ ಬೇಕಾದದ್ದು ಎರಡು ಬಾರಿ: ವ್ಯಾಯಾಮದ ಹೊತ್ತಿನಲ್ಲಿ, ಮತ್ತೆ 7ರಿಂದ 11 ಗಂಟೆಗಳ ನಂತರ. ಸಂಜೆ ಆರಕ್ಕೆ ಆಟ ಮುಗಿಸಿದವನಿಗೆ ಈ ಎರಡನೆಯ ಹೊತ್ತು ರಾತ್ರಿ ಒಂದರಿಂದ ಬೆಳಗಿನ ಐದರ ನಡುವೆ ಬೀಳುತ್ತದೆ. ನಿದ್ದೆಯಲ್ಲಿ ಅಡ್ರಿನಲಿನ್ ಪ್ರತಿಕ್ರಿಯೆಯೂ ಮಂದವಾಗಿರುವುದರಿಂದ ಎಚ್ಚರವಾಗದೆಯೇ ಸಕ್ಕರೆ ಕೆಳಗಿಳಿಯಬಹುದು.

ಓಟಕ್ಕೂ ಭಾರ ಎತ್ತುವುದಕ್ಕೂ ಮೀಟರಿನಲ್ಲಿ ವ್ಯತ್ಯಾಸ ಕಾಣುವುದು ಯಾಕೆ?

ಓಟ, ಸೈಕಲ್, ಈಜು, ಬಿರುಸಿನ ನಡಿಗೆ ಇವೆಲ್ಲ ಉಸಿರಾಟದ ಬಲದ ಮೇಲೆ ದೀರ್ಘಕಾಲ ಸಾಗುವ ವ್ಯಾಯಾಮಗಳು. ಇವನ್ನು ಏರೋಬಿಕ್ ಎನ್ನುತ್ತಾರೆ. ಇಲ್ಲಿ ಸ್ನಾಯು ನಿಮಿಷ ನಿಮಿಷಕ್ಕೂ ರಕ್ತದ ಗ್ಲೂಕೋಸನ್ನು ಬಳಸುತ್ತದೆ. ಯಕೃತ್ತು ಅದೇ ವೇಗದಲ್ಲಿ ಪೂರೈಸಬೇಕು. ಆದರೆ ಚುಚ್ಚಿದ ಇನ್ಸುಲಿನ್ ರಕ್ತದಲ್ಲಿ ಹೆಚ್ಚಿರುವಾಗ ಅದು ಯಕೃತ್ತಿನ ಬಾಗಿಲನ್ನು ಅರ್ಧ ಮುಚ್ಚಿರುತ್ತದೆ. ಹೀಗಾಗಿ ಮೀಟರ್ ಒಂದೇ ಸಮನೆ ಇಳಿಯುತ್ತದೆ.

ಭಾರ ಎತ್ತುವಾಗ ಕೆಲಸ ತುಂಡು ತುಂಡಾಗಿ ನಡೆಯುತ್ತದೆ. ಎಂಟು ಬಾರಿ ಎತ್ತುವುದು, ಒಂದೂವರೆ ನಿಮಿಷ ನಿಲ್ಲುವುದು, ಮತ್ತೆ ಎತ್ತುವುದು. ಆ ಕೆಲವು ಸೆಕೆಂಡುಗಳ ಶಕ್ತಿ ಬಹುಪಾಲು ಸ್ನಾಯುವಿನೊಳಗೇ ಇರುವ ದಾಸ್ತಾನಿನಿಂದ ಬರುತ್ತದೆ, ರಕ್ತದ ಗ್ಲೂಕೋಸಿನ ಪಾಲು ಚಿಕ್ಕದು. ಮೇಲಾಗಿ ಬಲವಾಗಿ ಮುಕ್ಕಿರಿಯುವಾಗ ಅಡ್ರಿನಲಿನ್ ಏರಿ ಯಕೃತ್ತಿನಿಂದ ಗ್ಲೂಕೋಸನ್ನು ಹೊರಗೆ ತಳ್ಳುತ್ತದೆ. ಆದ್ದರಿಂದ ಜಿಮ್‌ನಿಂದ ಹೊರಬರುವಾಗ ಸಕ್ಕರೆ ಸ್ವಲ್ಪ ಮಾತ್ರ ಇಳಿದಿರುತ್ತದೆ, ಇದ್ದಲ್ಲೇ ನಿಂತಿರುತ್ತದೆ, ಕೆಲವೊಮ್ಮೆ ಏರಿಯೂ ಇರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಭಾರ ಎತ್ತಿದರೆ ಏರುವುದೇ ಹೆಚ್ಚು, ಏಕೆಂದರೆ ಆಗ ಊಟದ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ.

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಜಿಮ್ ಮುಗಿದಾಗ ಸಕ್ಕರೆ ಇಳಿದಿಲ್ಲ ಎಂದರೆ ರಾತ್ರಿಯೂ ಇಳಿಯುವುದಿಲ್ಲ ಎಂದು ಅರ್ಥವಲ್ಲ. ಟೈಪ್ 1 ಇರುವ 12 ಮಂದಿಯನ್ನು ಒಂದು ದಿನ 45 ನಿಮಿಷ ಓಡಿಸಿ, ಇನ್ನೊಂದು ದಿನ 45 ನಿಮಿಷ ಭಾರ ಎತ್ತಿಸಿ ಹೋಲಿಸಿದ ಕೆನಡಾದ ಅಧ್ಯಯನ 2013ರಲ್ಲಿ ಬಂತು. ಭಾರ ಎತ್ತಿದ ದಿನ ವ್ಯಾಯಾಮದ ಹೊತ್ತಿನ ಇಳಿತ ಕಡಿಮೆಯಿತ್ತು, ಆದರೆ ಆಮೇಲಿನ ಇಳಿತ ಓಡಿದ ದಿನಕ್ಕಿಂತ ಹೆಚ್ಚು ಹೊತ್ತು ಎಳೆಯಿತು. ಓಟದ ದಿನದ ಗೆರೆ ಕಡಿದಾಗಿ ಇಳಿಯುತ್ತದೆ, ಭಾರದ ದಿನದ ಗೆರೆ ಚಪ್ಪಟೆಯಾಗಿ ಆರಂಭವಾಗಿ ಬೆಳಗಿನವರೆಗೂ ಮೆಲ್ಲನೆ ಜಾರುತ್ತದೆ.

ಒಂದು ನಿಜವಾದ ಸಂಜೆಯ ಲೆಕ್ಕವನ್ನು ತೋರಿಸಬಹುದೇ?

ನನ್ನದೇ ಪುಸ್ತಕದಿಂದ ಹೇಳುತ್ತೇನೆ. ರಾತ್ರಿ 9.30ಕ್ಕೆ ನಾನು ಪೂರ್ತಿ ದಿನ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ 20 ಯೂನಿಟ್ ತೆಗೆದುಕೊಳ್ಳುತ್ತೇನೆ, ಊಟಕ್ಕೆ ಬೇಗ ಕೆಲಸ ಮಾಡುವ ಆಸ್ಪಾರ್ಟ್. 10 ಗ್ರಾಂ ಕಾರ್ಬೋಹೈಡ್ರೇಟಿಗೆ 1 ಯೂನಿಟ್ ಲೆಕ್ಕ.

ಒಂದು ಮಂಗಳವಾರ ಸಂಜೆ ಐದಕ್ಕೆ ಓಟ ಆರಂಭಿಸುವಾಗ 168 ಇತ್ತು. ಐವತ್ತು ನಿಮಿಷ ಓಡಿ ನಿಂತಾಗ 104. ಒಂದು ಬಾಳೆಹಣ್ಣು ತಿಂದು ಮನೆಗೆ ಬಂದೆ. ಎಂಟೂಕಾಲಕ್ಕೆ 142. ಕುಚ್ಚಿಲಕ್ಕಿ ಅನ್ನ, ಸಾಂಬಾರು, ಪಲ್ಯ ಸೇರಿ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್; ಎಂದಿನಂತೆ 6 ಯೂನಿಟ್. ಗ್ಲಾರ್ಜಿನ್ನೂ ಎಂದಿನಂತೆ 20. ಮಲಗುವಾಗ 151 ಇದ್ದುದನ್ನು ನೋಡಿ ನೆಮ್ಮದಿಯಿಂದ ದೀಪ ಆರಿಸಿದೆ. ರಾತ್ರಿ 2.40ಕ್ಕೆ ಸೆನ್ಸರಿನ ಅಲಾರಂ ಕೂಗಿದಾಗ ದಿಂಬು ಬೆವರಿನಿಂದ ತೊಯ್ದಿತ್ತು. ಬೆರಳು ಚುಚ್ಚಿ ನೋಡಿದರೆ 58. ಗ್ಲೂಕೋಸ್ ಡಬ್ಬಿಯ ಮುಚ್ಚಳ ತಿರುಗಿಸಲು ಕೈ ಬರಲಿಲ್ಲ, ನಡುಗುತ್ತಿತ್ತು. ಹೆಂಡತಿ ತೆರೆದುಕೊಟ್ಟಳು. 15 ಗ್ರಾಂ ನೀರಿನಲ್ಲಿ ಕಲಸಿ ಕುಡಿದೆ. ಹದಿನೈದು ನಿಮಿಷಕ್ಕೆ 67 ಮಾತ್ರ ಆಯಿತು. ಇನ್ನೊಮ್ಮೆ 15 ಗ್ರಾಂ ಕುಡಿದ ಮೇಲೆ 94. ಓಟ ನಿಂತು ಆಗ ಸುಮಾರು ಒಂಬತ್ತು ಗಂಟೆಯಾಗಿತ್ತು.

ಎರಡು ಕಡೆ ತಪ್ಪಾಗಿತ್ತು. ಊಟದ ಇನ್ಸುಲಿನ್ನನ್ನೂ ರಾತ್ರಿಯ ಇನ್ಸುಲಿನ್ನನ್ನೂ ಓಡದ ದಿನದಷ್ಟೇ ತೆಗೆದುಕೊಂಡಿದ್ದೆ, ಮತ್ತು ಮಲಗುವಾಗಿನ 151ನ್ನು ಭರವಸೆಯೆಂದು ಓದಿಕೊಂಡಿದ್ದೆ. ಓಡಿದ ದಿನದ 151 ಸುಮ್ಮನೆ ಕುಳಿತ ದಿನದ 151 ಅಲ್ಲ.

ವೈದ್ಯರೊಂದಿಗೆ ಮಾತನಾಡಿ ಮುಂದಿನ ಮಂಗಳವಾರ ಬದಲಾವಣೆ ಮಾಡಿದೆ. ಓಟದ ನಂತರದ ಊಟದ ಇನ್ಸುಲಿನ್ನನ್ನು 6ರಿಂದ 4ಕ್ಕೆ ಇಳಿಸಿದೆ. ಗ್ಲಾರ್ಜಿನ್ನನ್ನು ಐದನೆಯ ಒಂದು ಭಾಗದಷ್ಟು ಕಡಿಮೆ ಮಾಡಿ 16 ತೆಗೆದುಕೊಂಡೆ. ಮಲಗುವ ಮುನ್ನ ಒಂದು ಲೋಟ ಹಾಲು ಕುಡಿದೆ, ಅದಕ್ಕೆ ಇನ್ಸುಲಿನ್ ತೆಗೆದುಕೊಳ್ಳಲಿಲ್ಲ. ಆ ರಾತ್ರಿಯ ಅತಿ ಕೆಳಗಿನ ಅಂಕಿ 3.10ಕ್ಕೆ 92. ಬೆಳಗ್ಗೆ 138. ಮರುದಿನ ಮಧ್ಯಾಹ್ನ ಸಕ್ಕರೆ ಎಂದಿಗಿಂತ ತುಸು ಮೇಲೆ ಓಡಾಡಿತು, ಏಕೆಂದರೆ ಗ್ಲಾರ್ಜಿನ್ನಿನ ಕಡಿತ ರಾತ್ರಿಗೆ ಮಾತ್ರ ಸೀಮಿತವಾಗದೆ ಪೂರ್ತಿ ದಿನ ಉಳಿಯುತ್ತದೆ. ನಾನು ಅದನ್ನು ಒಪ್ಪಿಕೊಂಡಿದ್ದೇನೆ.

ಜಿಮ್ ದಿನದ ಲೆಕ್ಕವೂ ಹೀಗೆಯೇ ಇರುತ್ತದೆಯೇ?

ಇಲ್ಲ. ಅಲ್ಲಿ ನಾನು ಮಾಡಿದ ತಪ್ಪು ಬೇರೆ ಬಗೆಯದು. ಒಂದು ಗುರುವಾರ 164ರಲ್ಲಿ ಆರಂಭಿಸಿ ಮುಕ್ಕಾಲು ಗಂಟೆ ಭಾರ ಎತ್ತಿದ ಮೇಲೆ 203 ಕಂಡಿತು. ವ್ಯಾಯಾಮ ಮಾಡಿಯೂ ಏರಿತಲ್ಲ ಎಂಬ ಸಿಟ್ಟಿನಲ್ಲಿ ಅಲ್ಲೇ 2 ಯೂನಿಟ್ ಚುಚ್ಚಿಕೊಂಡೆ. ಎಂಟು ಗಂಟೆಗೆ, ಊಟಕ್ಕೆ ಕೂರುವ ಮೊದಲೇ 63 ಆಗಿತ್ತು. ಆ ಏರಿಕೆ ಅಡ್ರಿನಲಿನ್ನಿನದು. ಹೆಚ್ಚಿನ ಸಂದರ್ಭದಲ್ಲಿ ಒಂದೆರಡು ಗಂಟೆಯಲ್ಲಿ ಅದು ತಾನಾಗಿ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೇ ನನ್ನ 2 ಯೂನಿಟ್ ಕೂಡ ಕೆಲಸ ಆರಂಭಿಸಿತ್ತು.

ಈಗ ಜಿಮ್ ಮುಗಿದು ಒಂದು ಗಂಟೆಯವರೆಗೆ ತಿದ್ದುಪಡಿಯ ಇನ್ಸುಲಿನ್ ತೆಗೆದುಕೊಳ್ಳುವುದಿಲ್ಲ. ಹತ್ತು ನಿಮಿಷ ನಿಧಾನವಾಗಿ ನಡೆಯುತ್ತೇನೆ. ಆಮೇಲೂ ತುಂಬಾ ಮೇಲೆ ಇದ್ದರೆ ಲೆಕ್ಕಕ್ಕೆ ಬರುವುದರ ಅರ್ಧದಷ್ಟು ಮಾತ್ರ. ಹಾಗೆ ಕಾದ ಒಂದು ಗುರುವಾರ 198 ಇದ್ದದ್ದು ಎಂಟು ಗಂಟೆಗೆ 156ಕ್ಕೆ ಬಂತು, ಮಲಗುವಾಗ 144, ಎರಡು ಗಂಟೆಗೆ 112, ಐದಕ್ಕೆ 84. ಎಲ್ಲಿಯೂ ಧುಮುಕಲಿಲ್ಲ, ಆದರೆ ಇಳಿಯುವುದು ನಿಲ್ಲಲೂ ಇಲ್ಲ. ಇಂಥ ರಾತ್ರಿಗಳಲ್ಲಿ ಮೂರು ಗಂಟೆಯ ಒಂದೇ ಪರೀಕ್ಷೆ ಸಾಲದು ಎಂಬುದು ನನ್ನ ಅನುಭವ. ಬೆಳಗಿನ ಜಾವದ ಐದನ್ನೂ ನೋಡಬೇಕು.

ಎರಡನ್ನೂ ಒಂದೇ ಸಂಜೆ ಮಾಡುವುದಾದರೆ ಯಾವುದು ಮೊದಲು?

ಭಾರ ಮೊದಲು, ಓಟ ಆಮೇಲೆ. ಅದೇ ಕೆನಡಾದ ಸಂಶೋಧಕರು 2012ರಲ್ಲಿ ಈ ಕ್ರಮವನ್ನು ಪರೀಕ್ಷಿಸಿದ್ದರು. ಮೊದಲು ಭಾರ ಎತ್ತಿದಾಗ ವ್ಯಾಯಾಮದುದ್ದಕ್ಕೂ ಸಕ್ಕರೆ ಹೆಚ್ಚು ಸ್ಥಿರವಾಗಿತ್ತು, ಆಮೇಲೆ ಲೋ ಆದಾಗಲೂ ಅದರ ಅವಧಿ ಮತ್ತು ತೀವ್ರತೆ ಕಡಿಮೆಯಿತ್ತು. ಆದರೆ ಆರಂಭಿಸುವಾಗಲೇ ಸಕ್ಕರೆ 200ರ ಮೇಲಿದ್ದರೆ ಮೊದಲು ಓಡುವುದರಲ್ಲಿಯೂ ಅರ್ಥವಿದೆ.

ತೋಟದ ಕೆಲಸ, ವಾಲಿಬಾಲ್, ಯಕ್ಷಗಾನ ಇವು ಯಾವ ಲೆಕ್ಕಕ್ಕೆ ಸೇರುತ್ತವೆ?

ಪುಸ್ತಕದ ವಿಂಗಡಣೆ ನಮ್ಮ ಊರಿನ ದುಡಿಮೆಗೆ ಸರಿಯಾಗಿ ಹೊಂದುವುದಿಲ್ಲ. ಅಡಿಕೆ ಹೆಕ್ಕುವುದು, ನೀರು ಬಿಡುವುದು, ಗುಡ್ಡೆ ಹತ್ತಿ ಸೊಪ್ಪು ತರುವುದು ಗಂಟೆಗಟ್ಟಲೆ ನಡೆಯುವ ಸಾವಕಾಶದ ಕೆಲಸಗಳಾದ್ದರಿಂದ ಅವು ಓಟದ ವರ್ಗಕ್ಕೇ ಸೇರುತ್ತವೆ, ತೀವ್ರತೆ ಕಡಿಮೆ ಇದ್ದರೂ ಅವಧಿ ಅದನ್ನು ಸರಿಗಟ್ಟುತ್ತದೆ. ಗೊಬ್ಬರದ ಬುಟ್ಟಿ ಹೊರುವುದು, ಗುಂಡಿ ತೋಡುವುದು ಭಾರ ಎತ್ತುವುದರ ಹಾಗೆ. ಒಂದು ದಿನದ ತೋಟದ ಕೆಲಸದಲ್ಲಿ ಎರಡೂ ಬೆರೆತಿರುತ್ತವೆ, ಮತ್ತು ಇದನ್ನು ಯಾರೂ ವ್ಯಾಯಾಮ ಎಂದು ಕರೆಯದ ಕಾರಣ ವೈದ್ಯರಲ್ಲಿ ಹೇಳಲು ಮರೆಯುತ್ತಾರೆ. ಹೇಳಲೇಬೇಕು. ಮಂಗಳೂರಿನ ವೈದ್ಯರಲ್ಲಿ ಹೋಗಿ ಡೋಸ್ ಬರೆಸಿಕೊಂಡು ಬರುವವರು ಅಡಿಕೆ ಕೊಯ್ಲಿನ ತಿಂಗಳು ಮತ್ತು ಮಳೆಗಾಲದ ಬಿಡುವಿನ ತಿಂಗಳು ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿಸಬೇಕು.

ವಾಲಿಬಾಲಿನಲ್ಲಿ ಜಿಗಿತದ ಕ್ಷಣಗಳೂ ನಿಲ್ಲುವ ಹೊತ್ತೂ ಇರುವುದರಿಂದ ಆಡುವಾಗ ಇಳಿತ ಕಡಿಮೆ ಕಾಣಬಹುದು, ಪಂದ್ಯದ ಉದ್ವೇಗದಲ್ಲಿ ಏರಲೂಬಹುದು. ರಾತ್ರಿಯ ಇಳಿತದಿಂದ ಅದು ವಿನಾಯಿತಿ ಕೊಡುವುದಿಲ್ಲ.

ಯಕ್ಷಗಾನ ಕುಣಿಯುವವರಿಗೆ ಗಡಿಯಾರವೇ ತಲೆಕೆಳಗು. ರಾತ್ರಿ ಎರಡಕ್ಕೆ ವೇಷ ಮುಗಿಸಿದವರಿಗೆ 7ರಿಂದ 11 ಗಂಟೆಗಳ ನಂತರ ಎಂದರೆ ಮರುದಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಅಂದರೆ ಸರಿಯಾಗಿ ಅವರು ಮಲಗಿ ನಿದ್ರಿಸುವ ಹೊತ್ತು. ಮನೆಯವರು ಸುಸ್ತಾಗಿ ಮಲಗಿದ್ದಾನೆ, ಎಬ್ಬಿಸುವುದು ಬೇಡ ಎಂದುಕೊಳ್ಳುತ್ತಾರೆ. ಅವರನ್ನು ಒಮ್ಮೆ ಎಬ್ಬಿಸಿ ಪರೀಕ್ಷಿಸಲೇಬೇಕು.

ಸೆನ್ಸರ್ ತೋರಿಸಿದ ರಾತ್ರಿಯ ಲೋ ಎಲ್ಲವೂ ನಿಜವೇ?

ಅಲ್ಲ. ಸೆನ್ಸರ್ ಇರುವ ತೋಳಿನ ಮೇಲೆಯೇ ಮಲಗಿದರೆ ಒತ್ತಡದಿಂದ ಅಂಕಿ ಹಠಾತ್ತನೆ ಕೆಳಗೆ ಬಿದ್ದು, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿನಲ್ಲಿ ಅಷ್ಟೇ ಹಠಾತ್ತನೆ ಮೇಲೆ ಬರುತ್ತದೆ. ವ್ಯಾಯಾಮದ ನಂತರದ ನಿಜವಾದ ಲೋ ಸಾಮಾನ್ಯವಾಗಿ ಗಂಟೆಗಟ್ಟಲೆ ಇಳಿಜಾರಾಗಿ ಬರುತ್ತದೆ. ಅನುಮಾನ ಬಂದರೆ ಬೆರಳು ಚುಚ್ಚಿ ನೋಡಿ. ಇನ್ನೊಂದು ವಿಷಯ: ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು, ರಕ್ತವನ್ನಲ್ಲ. ಆದ್ದರಿಂದ ಅದು ಕೆಲವು ನಿಮಿಷ ಹಿಂದಿರುತ್ತದೆ. ಓಡುವಾಗ ಸೆನ್ಸರಿನಲ್ಲಿ 90 ಇದ್ದು ಬಾಣ ಕೆಳಮುಖವಾಗಿದ್ದರೆ ರಕ್ತದಲ್ಲಿ ಆಗಲೇ 75 ಇರಬಹುದು. ಲೋಗೆ ಸಕ್ಕರೆ ಕುಡಿದ ಮೇಲೂ ಸೆನ್ಸರ್ ತಡವಾಗಿಯೇ ಏರುತ್ತದೆ. ಅದನ್ನು ನಂಬಿ ಮತ್ತೆ ಮತ್ತೆ ಕುಡಿದರೆ ಬೆಳಗ್ಗೆ 280 ಕಾಣುತ್ತದೆ.

ಸೆನ್ಸರ್ ಇಲ್ಲದವರು ವ್ಯಾಯಾಮದ ದಿನ ಮಲಗುವಾಗ ಒಮ್ಮೆ, ಎರಡು ಮೂರು ಗಂಟೆಯ ನಡುವೆ ಒಮ್ಮೆ ಪರೀಕ್ಷಿಸಬೇಕು. ಬೆಳಗ್ಗೆ ಏಳುವಾಗ ತಲೆನೋವು, ಒದ್ದೆ ಬಟ್ಟೆ, ಕೆಟ್ಟ ಕನಸಿನ ನೆನಪು, ಕಾರಣವಿಲ್ಲದ ದಣಿವು ಇವು ರಾತ್ರಿ ಲೋ ಆಗಿರಬಹುದೆಂಬ ಸುಳಿವುಗಳು.

ಮಲಗುವ ಮುನ್ನ ತಿಂದರೆ ಸಾಲದೇ, ಇನ್ಸುಲಿನ್ ಯಾಕೆ ಕಡಿಮೆ ಮಾಡಬೇಕು?

ಹತ್ತು ಗಂಟೆಗೆ ತಿಂದ ಬಾಳೆಹಣ್ಣು ಮೂರು ಗಂಟೆಯವರೆಗೆ ಉಳಿಯುವುದಿಲ್ಲ. ಅದು ಹನ್ನೊಂದೂವರೆಗೆ ಸಕ್ಕರೆಯನ್ನು ಏರಿಸಿ ಮುಗಿದುಹೋಗುತ್ತದೆ, ಆದರೆ ಸ್ನಾಯುವಿನ ಹಸಿವು ಮುಗಿದಿರುವುದಿಲ್ಲ. ಮಲಗುವಾಗ 125ಕ್ಕಿಂತ ಕೆಳಗಿದ್ದರೆ ತಿನ್ನಬೇಕು ನಿಜ. ಆದರೂ ಓಡಿದ ರಾತ್ರಿ ತಿಂಡಿಯೊಂದನ್ನೇ ನೆಚ್ಚಿ ಮಲಗುವುದು ಸರಿಯಲ್ಲ ಎಂದು ನಾನು ತಿಳಿಯುತ್ತೇನೆ. ತಜ್ಞರು ಒಟ್ಟಾಗಿ 2017ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲಿಯೂ ವ್ಯಾಯಾಮದ ನಂತರದ ಊಟದ ಇನ್ಸುಲಿನ್ನನ್ನು ಸುಮಾರು ಅರ್ಧಕ್ಕೆ ಇಳಿಸುವುದು, ರಾತ್ರಿಯ ಇನ್ಸುಲಿನ್ನನ್ನು ಸುಮಾರು 20 ಶೇಕಡಾ ಕಡಿಮೆ ಮಾಡುವುದು, ಜೊತೆಗೆ ಮಲಗುವ ಮುನ್ನ ತಿನ್ನುವುದು ಇವೆಲ್ಲ ಇವೆ. ಪಂಪ್ ಬಳಸುವವರಿಗೆ ಅನುಕೂಲ ಹೆಚ್ಚು. ಮಲಗುವಾಗಿನಿಂದ ಆರು ಗಂಟೆಗಳ ಮಟ್ಟಿಗೆ ಮಾತ್ರ ಅವರು ಇನ್ಸುಲಿನ್ನನ್ನು ತಗ್ಗಿಸಬಹುದು. ಡೆಗ್ಲುಡೆಕ್ ಎಂಬ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಉಪಾಯ ಹೊಂದುವುದಿಲ್ಲ, ಏಕೆಂದರೆ ಅದು ಒಂದು ದಿನಕ್ಕಿಂತ ಹೆಚ್ಚು ಕಾಲ ಮೈಯಲ್ಲಿರುತ್ತದೆ, ಇಂದು ಕಡಿಮೆ ಮಾಡಿದ್ದು ಇಂದೇ ಕಾಣಿಸುವುದಿಲ್ಲ. ಅವರು ಊಟದ ಇನ್ಸುಲಿನ್ನನ್ನೂ ತಿಂಡಿಯನ್ನೂ ಹೆಚ್ಚು ಅವಲಂಬಿಸಬೇಕಾಗುತ್ತದೆ. ಇಷ್ಟರ ಮೇಲೂ ಲೋ ನಿಲ್ಲದಿದ್ದರೆ ವ್ಯಾಯಾಮವನ್ನು ಬೆಳಗ್ಗೆಗೆ ಬದಲಿಸಿ ನೋಡುವುದು ಒಳ್ಳೆಯದು, ಎರಡನೆಯ ಅಲೆ ಆಗ ಎಚ್ಚರವಿರುವ ಹೊತ್ತಿನಲ್ಲೇ ಬರುತ್ತದೆ.

ಟೈಪ್ 2 ಇರುವವರಿಗೂ ಈ ಭಯ ಇದೆಯೇ?

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದೆ. ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುವವರಿಗೆ ತೀರಾ ವಿರಳ.

ಆಟದ ನಂತರ ಸ್ನೇಹಿತರೊಂದಿಗೆ ಕಳ್ಳು ಕುಡಿದರೆ?

ಮದ್ಯ ಯಾವುದೇ ಆಗಲಿ, ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ತಡೆಯುತ್ತದೆ. ಓಟದಿಂದ ಯಕೃತ್ತಿನ ದಾಸ್ತಾನು ಬರಿದಾಗಿರುವ ರಾತ್ರಿಯೇ ಈ ದಾರಿಯೂ ಮುಚ್ಚಿದರೆ ರಕ್ತಕ್ಕೆ ಗ್ಲೂಕೋಸ್ ಬರುವ ಮೂಲವೇ ಉಳಿಯುವುದಿಲ್ಲ. ಲೋ ಆದವನನ್ನು ಕುಡಿದು ಬಿದ್ದವನೆಂದು ಎಲ್ಲರೂ ಬಿಟ್ಟುಬಿಡುವ ಅಪಾಯವೂ ಇದೆ. ಓಡಿದ ಸಂಜೆ ಕುಡಿಯಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ರಾತ್ರಿ ಪ್ರಜ್ಞೆ ತಪ್ಪಿದರೆ ಮನೆಯವರು ಏನು ಮಾಡಬೇಕು?

ಬಾಯಿಗೆ ಸಕ್ಕರೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ಯಕೃತ್ತಿನ ದಾಸ್ತಾನಿನಿಂದ ಗ್ಲೂಕೋಸ್ ಹೊರಬರುವಂತೆ ಮಾಡುವ ಗ್ಲೂಕಗಾನ್ ಔಷಧವನ್ನು ವೈದ್ಯರು ಕೊಟ್ಟಿದ್ದರೆ ಅದನ್ನು ಬಳಸಿ, ಕೂಡಲೇ 108ಕ್ಕೆ ಕರೆ ಮಾಡಬೇಕು. ದೀರ್ಘ ಓಟದ ನಂತರ ಯಕೃತ್ತಿನಲ್ಲಿ ದಾಸ್ತಾನು ಕಡಿಮೆಯಿರುವುದರಿಂದ ಗ್ಲೂಕಗಾನ್ ಎಂದಿನಷ್ಟು ಫಲ ಕೊಡದಿರಬಹುದು, ಆದ್ದರಿಂದ ಅದನ್ನು ಕೊಟ್ಟ ಮೇಲೂ ಆಸ್ಪತ್ರೆಗೆ ಹೊರಡುವುದನ್ನು ನಿಲ್ಲಿಸಬಾರದು. ಪ್ರಜ್ಞೆ ಬಂದು ನುಂಗಲು ಸಾಧ್ಯವಾದ ಕೂಡಲೇ ಗ್ಲೂಕೋಸ್, ಆಮೇಲೆ ಗಂಜಿಯೋ ಅನ್ನವೋ ಕೊಡಬೇಕು.

ರಾತ್ರಿ ಲೋ ಆಗಿತ್ತು. ಮರುದಿನ ಸಂಜೆ ಆಡಲು ಹೋಗಬಹುದೇ?

ಇನ್ನೊಬ್ಬರ ಸಹಾಯ ಬೇಕಾಗುವಷ್ಟು ತೀವ್ರವಾದ ಲೋ ಆಗಿದ್ದರೆ 24 ಗಂಟೆ ವ್ಯಾಯಾಮ ಬೇಡ. ಒಂದು ಲೋ ಆದ ಮೇಲೆ ಮುಂದಿನ ವ್ಯಾಯಾಮದಲ್ಲಿ ಅಡ್ರಿನಲಿನ್ ಮೊದಲಾದ ರಕ್ಷಣೆಯ ಹಾರ್ಮೋನುಗಳು ಸರಿಯಾಗಿ ಏಳುವುದಿಲ್ಲ. ನಡುಕ, ಬೆವರು, ಎದೆಬಡಿತ ಇಲ್ಲದೆಯೇ ಸಕ್ಕರೆ 50ಕ್ಕೆ ಇಳಿಯಬಹುದು. ನನಗೆ 58 ಆದ ಆ ರಾತ್ರಿ ಡಬ್ಬಿ ತೆರೆಯಲು ಹೆಂಡತಿಯ ಕೈ ಬೇಕಾಗಿತ್ತಾದ್ದರಿಂದ ಬುಧವಾರ ಮೈದಾನಕ್ಕೆ ಹೋಗಲಿಲ್ಲ. ನಾನೇ ನಿಭಾಯಿಸಿದ ಸಣ್ಣ ಲೋ ಆಗಿದ್ದರೆ ಮರುದಿನ 150ರ ಮೇಲೆ ಆರಂಭಿಸುತ್ತೇನೆ, ಇಪ್ಪತ್ತು ನಿಮಿಷಕ್ಕೊಮ್ಮೆ ನೋಡುತ್ತೇನೆ, ನನ್ನ ಕಾಯಿಲೆಯ ವಿಷಯ ತಿಳಿದ ಒಬ್ಬರಾದರೂ ಮೈದಾನದಲ್ಲಿ ಇದ್ದರೆ ಮಾತ್ರ ಓಡುತ್ತೇನೆ.